ಆರು ವರ್ಷ ಪಾರ್ಟಿ ನೋಡಿಕೊಂಡ ಹುಡುಗ ಬಿಡ್ತಿದ್ದಾನೆ, ಪಾರ್ಟಿಗೆ ಹೇಗೆ ಹೇಳೋದು?

ಪೀಣ್ಯ ಪೆಟ್ಟಿಗೆ (6ನೇ ತಾರೀಕು, ರಾತ್ರಿ)

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ರಟ್ಟಿನ ಪೆಟ್ಟಿಗೆ ಫ್ಯಾಕ್ಟರಿ ಇದೆ. ತುಮಕೂರು ಹತ್ತಿರ ವಸಂತನರಸಾಪುರದಲ್ಲಿರೋ ಒಂದು ಮಸಾಲೆ ಪುಡಿ ಕಂಪನಿ ನಮ್ಮ ದೊಡ್ಡ ಪಾರ್ಟಿ. ತಿಂಗಳಿಗೆ ಸುಮಾರು 12,000 ಐದು ಪ್ಲೈ ಪೆಟ್ಟಿಗೆ ತಗೋತಾರೆ. ಒಂದಕ್ಕೆ 45 ರೂಪಾಯಿ.

ಈ ಅಕೌಂಟ್ ನೋಡಿಕೊಳ್ಳೋ ನಮ್ಮ ಹುಡುಗ (ಮಂಜು ಅಂತ ಕರೆಯೋಣ, ನಿಜವಾದ ಹೆಸರಲ್ಲ) ಆರು ವರ್ಷದಿಂದ ಅವರ ಜೊತೆ ಇದ್ದಾನೆ. ಈಗ ರಾಜೀನಾಮೆ ಕೊಟ್ಟಿದ್ದಾನೆ. 30ಕ್ಕೆ ಕೊನೆ ದಿನ. ಜಗಳ ಏನೂ ಇಲ್ಲ. ಊರಿನ ಕಡೆ ಕೆಲಸ ಸಿಕ್ಕಿದೆ ಅಂತ ಹೇಳಿದ. ಅವನ ಜಾಗಕ್ಕೆ ನಮ್ಮಲ್ಲೇ ಡಿಸ್ಪ್ಯಾಚ್ ನೋಡ್ತಿದ್ದ ಹುಡುಗಿಯನ್ನ (ಸೌಮ್ಯ ಅಂದುಕೊಳ್ಳಿ) ಹಾಕ್ತಿದ್ದೇನೆ.

ಪಾರ್ಟಿಗೆ ಇನ್ನೂ ಹೇಳಿಲ್ಲ. ಅವರ ಮಾಲೀಕರು ಕನ್ನಡದಲ್ಲೇ ಪತ್ರ ಬರೆಯೋರು, ಹಾಗಾಗಿ ನಾವೂ ಕನ್ನಡದಲ್ಲೇ ಬರೆಯೋದು. ಹೀಗೆ ಬರೆದಿದ್ದೇನೆ, ನೋಡಿ:

"ಮಾನ್ಯರೇ, ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ನಮ್ಮ ಶ್ರೀ ಮಂಜು ಅವರು ಅನಿವಾರ್ಯ ಕಾರಣಗಳಿಂದ ಸೇವೆಯಿಂದ ಬಿಡುಗಡೆ ಹೊಂದುತ್ತಿದ್ದಾರೆ. ಅವರ ಸ್ಥಾನದಲ್ಲಿ ಕ್ರಿಯಾಶೀಲರೂ ಅನುಭವಿಗಳೂ ಆದ ಕು. ಸೌಮ್ಯ ಅವರು ಕಾರ್ಯನಿರ್ವಹಿಸಲಿದ್ದಾರೆ. ಸೇವೆಯಲ್ಲಿ ಯಾವುದೇ ವ್ಯತ್ಯಯ ಆಗುವುದಿಲ್ಲ ಎಂದು ಭರವಸೆ ನೀಡುತ್ತೇವೆ. ತಮ್ಮ ಸಹಕಾರ ಕೋರುತ್ತಾ..."

25ನೇ ತಾರೀಕಿಗೆ ಕಳಿಸೋಣ ಅಂತ ಇದ್ದೇನೆ. ಸಾಕಾ? ಏನಾದ್ರೂ ಸೇರಿಸಬೇಕಾ?

ಲೆಡ್ಜರ್ ಲೋಕ

ಸಾರ್, ಅಕೌಂಟ್ಸ್‌ನವರು ಬಿಟ್ಟು ಹೋಗುವಾಗ ಪಾರ್ಟಿಗಿಂತ ಮೊದಲು ಬ್ಯಾಂಕಿಗೆ ಪತ್ರ ಕೊಡಿ. ಸಹಿ ಮಾಡೋ ಅಧಿಕಾರ ಇದ್ದರೆ ತೆಗೆಸಿ. ಟ್ಯಾಲಿ ಪಾಸ್‌ವರ್ಡ್ ಬದಲಿಸಿ. ಚೆಕ್ ಪುಸ್ತಕ ಎಣಿಸಿಕೊಳ್ಳಿ. ನಮ್ಮಲ್ಲಿ ಒಬ್ಬರು ಹೋದಾಗ ಎರಡು ಚೆಕ್ ಹಾಳೆ ಸಿಗದೆ ಒದ್ದಾಡಿದ್ವಿ.

ಪೀಣ್ಯ ಪೆಟ್ಟಿಗೆ

ಅಯ್ಯೋ ಸಾರ್, ಲೆಕ್ಕ ಬರೆಯೋರಲ್ಲ. ಆ ಪಾರ್ಟಿಯ ಆರ್ಡರು, ಸಪ್ಲೈ, ಬಾಕಿ, ಕಂಪ್ಲೇಂಟು ಎಲ್ಲಾ ನೋಡಿಕೊಳ್ಳೋ ಹುಡುಗ. ಅಕೌಂಟ್ ಮ್ಯಾನೇಜರ್ ಅಂತ ಕಾರ್ಡಲ್ಲಿ ಹಾಕಿಸಿದ್ದು ನಂದೇ ತಪ್ಪು.

ಹಳೇ ಬ್ಯಾಗು

22 ವರ್ಷ ಇಂಡಸ್ಟ್ರಿಯಲ್ ಸೇಲ್ಸ್ ಮಾಡಿದ್ದೇನೆ. ಅಂಟು, ಟೇಪು, ಕೊನೆಗೆ ಪೆಟ್ಟಿಗೆನೂ ಮಾರಿದ್ದೇನೆ. ಅದರ ಮೇಲೆ ಹೇಳ್ತಿದ್ದೇನೆ.

ಪತ್ರ ಪಕ್ಕಕ್ಕಿಡಿ. ಮೊದಲು 25ನೇ ತಾರೀಕು ಅನ್ನೋದನ್ನ ಬಿಡಿ. ನಿಮ್ಮ ಲಾರಿ ವಾರಕ್ಕೆ ಎಷ್ಟು ಸಲ ಅಲ್ಲಿಗೆ ಹೋಗುತ್ತೆ? ಎರಡೋ ಮೂರೋ ಸಲ ಅಲ್ವಾ? ಮಂಜು ಬಿಡ್ತಿದ್ದಾನೆ ಅಂತ ಡ್ರೈವರ್ ಅವರ ಸ್ಟೋರಲ್ಲಿ ಟೀ ಕುಡಿಯುವಾಗ ಹೇಳೇ ಹೇಳ್ತಾನೆ. ಆಮೇಲೆ 25ಕ್ಕೆ ನಿಮ್ಮ ಪತ್ರ ಹೋದರೆ, "ಇವರು ನಮ್ಮಿಂದ ಮುಚ್ಚಿಟ್ಟಿದ್ರು" ಅನ್ನೋದೊಂದೇ ಅವರ ತಲೇಲಿ ಉಳಿಯುತ್ತೆ. ಈ ವಾರವೇ ನೀವೇ ಫೋನ್ ಮಾಡಿ. ಮಂಜು ಅಲ್ಲ, ನೀವು.

ಎರಡನೇದು ಇನ್ನೂ ಮುಖ್ಯ. "ವ್ಯತ್ಯಯ ಆಗುವುದಿಲ್ಲ" ಅಂತ ಬರೆದಿದ್ದೀರಿ. ಏನು ವ್ಯತ್ಯಯ ಆಗಬಾರದು ಅಂತ ನಿಮಗೆ ಗೊತ್ತಾ? ಆರು ವರ್ಷದಲ್ಲಿ ಮಂಜು ಬಾಯಲ್ಲಿ ಏನೇನು ಒಪ್ಪಿಕೊಂಡಿದ್ದಾನೋ ಅದೇ ಅವರ ಪಾಲಿಗೆ ನಿಮ್ಮ ಸೇವೆ. ಅದು ಅವರು ಕಳಿಸೋ ಪರ್ಚೇಸ್ ಆರ್ಡರಲ್ಲಿ, ಅಂದ್ರೆ ಪಿಒದಲ್ಲಿ, ಇರಲ್ಲ. ಅವನನ್ನ ಒಂದು ಮಧ್ಯಾಹ್ನ ಕೂರಿಸಿಕೊಂಡು ಕೇಳಿ. "ಪ್ರಾಮಿಸ್ ಏನು ಮಾಡಿದ್ದೀಯ" ಅಂತ ಕೇಳಬೇಡಿ, ಯಾರೂ ಒಪ್ಪಲ್ಲ. ಹೋದ ಎರಡು ತಿಂಗಳ ಡೆಲಿವರಿ ಚಲನ್ ತೆಗೆದು ಒಂದೊಂದೇ ತೋರಿಸಿ, "ಈ ಲೋಡು ಹೇಗೆ ಹೋಯ್ತು" ಅಂತ ಕೇಳಿ. ತಾನಾಗೇ ಹೊರಗೆ ಬರುತ್ತೆ.

ಬಾಂಡ್ ಪೇಪರ್

ಊರಿನ ಕಡೆ ಕೆಲಸ ಅಂತ ಎಲ್ಲರೂ ಹಾಗೇ ಹೇಳೋದು. ಆರು ತಿಂಗಳಾದ ಮೇಲೆ ಅದೇ ಪಾರ್ಟಿಗೆ ಬೇರೆಯವರ ಪೆಟ್ಟಿಗೆ ತಗೊಂಡು ಹೋಗ್ತಾನೆ. 100 ರೂಪಾಯಿ ಸ್ಟಾಂಪ್ ಪೇಪರಲ್ಲಿ ಎರಡು ವರ್ಷ ನಮ್ಮ ಯಾವ ಪಾರ್ಟಿ ಹತ್ರಾನೂ ಹೋಗಲ್ಲ, ಇದೇ ಲೈನಲ್ಲಿ ಕೆಲಸ ಮಾಡಲ್ಲ ಅಂತ ಬರೆಸಿಕೊಳ್ಳಿ. ಆಮೇಲೆ ಸೆಟಲ್‌ಮೆಂಟ್ ಕೊಡಿ. ಕಾನೂನು ನಿಮ್ಮ ಕಡೆ ಇರುತ್ತೆ.

ಇಪ್ಪತ್ತನೇ ತಾರೀಕು

ಕಾನೂನು ನಿಮ್ಮ ಕಡೆ ಇರಲ್ಲ ಸಾರ್. ಕೆಲಸ ಬಿಟ್ಟ ಮೇಲೆ ಅದೇ ಲೈನಲ್ಲಿ ದುಡಿಯಬೇಡ ಅನ್ನೋ ಕರಾರು ನಮ್ಮ ಕಾಂಟ್ರಾಕ್ಟ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ನಿಲ್ಲಲ್ಲ. ನಿಮ್ಮ ರೇಟ್ ಪಟ್ಟಿ, ಪಾರ್ಟಿ ವಿವರ ಎತ್ಕೊಂಡು ಹೋಗಬಾರದು ಅನ್ನೋದು ಬೇರೆ ಮಾತು, ಅದಕ್ಕೆ ಬಲ ಇದೆ. ಸೆಟಲ್‌ಮೆಂಟ್ ತಡೆ ಹಿಡಿದು ಸಹಿ ಹಾಕಿಸಿಕೊಂಡರೆ ಅವನಿಗೆ ಸಿಟ್ಟು ಬರುತ್ತೆ ಅಷ್ಟೇ. ಸಿಟ್ಟಾದ ಹುಡುಗ ಚಲನ್ ನೋಡಿ ಕಥೆ ಹೇಳಲ್ಲ.

ನಾನು ದಾವಣಗೆರೆಯಲ್ಲಿ ಜಿಎಸ್‌ಟಿ ರಿಟರ್ನ್ ಕೆಲಸ ಮಾಡೋನು. ನನ್ನದೂ ಒಂದು ಕಥೆ ಇದೆ. ನಮ್ಮ ಆಫೀಸಲ್ಲಿ ಒಬ್ಬ ಹುಡುಗ ಸುಮಾರು 30 ಪಾರ್ಟಿ ನೋಡಿಕೊಳ್ತಿದ್ದ. ಬಿಟ್ಟು ಹೋದ. ಎಲ್ಲರಿಗೂ ಚೆನ್ನಾಗಿರೋ ಪತ್ರ ಕಳಿಸಿದೆ, ಇನ್ಮೇಲೆ ಇಂಥವರು ನೋಡ್ಕೋತಾರೆ ಅಂತ. 20ನೇ ತಾರೀಕು ಸಂಜೆ 3ಬಿ ರಿಟರ್ನ್ ಹಾಕೋಕೆ ಕೂತ್ರೆ ಒಂದು ಅಂಗಡಿಯದ್ದು ಒಟಿಪಿ ಬರ್ತಾನೇ ಇಲ್ಲ. ನೋಡಿದ್ರೆ, ರಿಜಿಸ್ಟ್ರೇಷನ್ ಮಾಡಿಸುವಾಗ ಈ ಹುಡುಗ ತನ್ನ ಮೊಬೈಲ್ ನಂಬರನ್ನೇ ಹಾಕಿಬಿಟ್ಟಿದ್ದ. ಅವನು ಯಾವುದೋ ಮದುವೆ ಮನೇಲಿ. ರಾತ್ರಿ ಒಂಬತ್ತಕ್ಕೆ ಫೋನ್ ಎತ್ತಿದ. ಒಳ್ಳೆ ಹುಡುಗ, ಒಟಿಪಿ ಹೇಳಿದ. ಹೇಳದೇ ಇದ್ದಿದ್ರೆ ಲೇಟ್ ಫೀ ನನ್ನ ತಲೆಗೆ.

ಅದಕ್ಕೇ ಕೇಳ್ತಿದ್ದೇನೆ. ಮಂಜು ಪಾರ್ಟಿ ಜೊತೆ ಮಾತಾಡೋ ನಂಬರ್ ಯಾರದ್ದು? ಕಂಪನಿ ಸಿಮ್ಮಾ, ಅವನದ್ದೇ ಸ್ವಂತದ್ದಾ?

ಪೀಣ್ಯ ಪೆಟ್ಟಿಗೆ

ಸ್ವಂತದ್ದು. ತಿಂಗಳಿಗೆ ರೀಚಾರ್ಜ್ ಮಾತ್ರ ನಾವು ಮಾಡಿಸ್ತೀವಿ. ವಾಟ್ಸಾಪ್ ಗ್ರೂಪಿಗೂ ಅವನೇ ಅಡ್ಮಿನ್. ಈಗ ಎದೆ ಡವಡವ ಅಂತಿದೆ.

ಖರೀದಿ ಕಿಟಕಿ

ನಾನು ಆ ಕಡೆಯವಳು. ಬೊಮ್ಮಸಂದ್ರದಲ್ಲಿ ಒಂದು ಕಂಪನಿಯ ಪರ್ಚೇಸಲ್ಲಿದ್ದೇನೆ. ಇಂಥ ಪತ್ರ ತಿಂಗಳಿಗೆ ಒಂದಾದ್ರೂ ಬರುತ್ತೆ. ನಾವು ಹೇಗೆ ಓದ್ತೀವಿ ಅಂತ ಹೇಳ್ತೀನಿ.

ಮೊದಲು ಬರುವ ಅನುಮಾನ: ಇದು ನಿಜವಾಗಿ ಅವರೇ ಕಳಿಸಿದ್ದಾ? ಹೊಸ ಹೆಸರು, ಹೊಸ ನಂಬರು, ಹೊಸ ಮೇಲ್ ಐಡಿ, ಹತ್ತು ದಿನ ಬಿಟ್ಟು "ನಮ್ಮ ಬ್ಯಾಂಕ್ ಅಕೌಂಟ್ ಬದಲಾಗಿದೆ, ಇದಕ್ಕೆ ಹಾಕಿ" ಅಂತ ಇನ್ನೊಂದು ಮೇಲ್. ಮೋಸ ನಡೆಯೋದು ಹೀಗೇ. ಹಾಗಾಗಿ ನಾವು ಪತ್ರದಲ್ಲಿ ಕೊಟ್ಟ ನಂಬರಿಗೆ ಫೋನ್ ಮಾಡಲ್ಲ. ನಮ್ಮ ಹತ್ರ ಮೊದಲಿಂದ ಇರೋ ನಂಬರಿಗೆ ಮಾಡಿ ಕೇಳ್ತೀವಿ. ನಿಮ್ಮ ಕೇಸಲ್ಲಿ ಆ ಹಳೇ ನಂಬರು ಮಂಜುದು! ಅವನು ಬಿಟ್ಟ ಮೇಲೆ ಪತ್ರ ಬಂದ್ರೆ ನಾನು ಯಾರನ್ನ ಕೇಳಲಿ? ಅವನು ಇರುವಾಗಲೇ ಹೇಳಿ, ಮತ್ತೆ ಪತ್ರದಲ್ಲಿ ಒಂದು ಸಾಲು ಹಾಕಿ: ನಮ್ಮ ಬ್ಯಾಂಕ್ ವಿವರ ಬದಲಾಗಿಲ್ಲ, ಬದಲಾವಣೆ ಅಂತ ಯಾರಾದ್ರೂ ಮೇಲ್ ಕಳಿಸಿದರೆ ಮಾಲೀಕರಿಗೆ ಫೋನ್ ಮಾಡದೆ ನಂಬಬೇಡಿ ಅಂತ. ನೀವು ನಿಜವಾಗಿಯೂ ಬ್ಯಾಂಕ್ ಬದಲಿಸೋದಿದ್ರೆ ದಯವಿಟ್ಟು ಈ ಎರಡು ತಿಂಗಳು ಬೇಡ.

ಆಮೇಲೆ "ಕ್ರಿಯಾಶೀಲರೂ ಅನುಭವಿಗಳೂ". ಅದನ್ನ ಯಾರೂ ಓದಲ್ಲ. ಅವರಿಗೆ ನಮ್ಮ ಮಾಲು ಗೊತ್ತಾ ಅನ್ನೋದಷ್ಟೇ ನನಗೆ ಬೇಕು. ಸೌಮ್ಯ ಡಿಸ್ಪ್ಯಾಚಲ್ಲಿದ್ದು ಇದೇ ಪಾರ್ಟಿಯ ಲೋಡು ಕಳಿಸಿದ್ದರೆ ಅದನ್ನೇ ಬರೀರಿ.

ಇನ್ನೊಂದು. ನಮ್ಮ ಸಿಸ್ಟಮಲ್ಲಿ ಪ್ರತಿ ಸಪ್ಲೈಯರಿಗೆ ಒಂದು ಮೇಲ್ ಐಡಿ ಹಾಕಿರ್ತೀವಿ. ಪಿಒ ತಾನಾಗೇ ಅಲ್ಲಿಗೆ ಹೋಗುತ್ತೆ. ನೀವು ನನಗೆ ಎಷ್ಟೇ ಚೆಂದದ ಪತ್ರ ಬರೆದರೂ ಆ ಐಡಿ ಬದಲಿಸೋರು ಬೇರೆ ಡಿಪಾರ್ಟ್‌ಮೆಂಟು. ಅದು ಬದಲಾಗಿದೆಯಾ ಅಂತ ಪತ್ರ ಕಳಿಸಿ ಒಂದು ವಾರ ಬಿಟ್ಟು ನೀವೇ ಕೇಳಬೇಕು. ಅಲ್ಲಿವರೆಗೆ ಮಂಜು ಮೇಲ್ ಬಾಕ್ಸ್ ಮುಚ್ಚಬೇಡಿ, ಸೌಮ್ಯ ಕಡೆ ತಿರುಗಿಸಿ ಇಡಿ.

ಸಾಫ್ಟ್‌ವೇರ್ ಸೀನ

ನಮ್ಮ ಐಟಿ ಕಡೆ ಇದಕ್ಕೆ ಟ್ರಾನ್ಸಿಷನ್ ಪ್ಲ್ಯಾನ್ ಅಂತಾರೆ. 40 ಪುಟದ ಡಾಕ್ಯುಮೆಂಟ್, ಹಳಬರು ಹೊಸಬರಿಗೆ ಕೆಲಸ ಹೇಳಿಕೊಡೋ ಕೆಟಿ ಸೆಷನ್, ಸೈನ್ ಆಫ್. ಮೂರು ವಾರ ಕೆಟಿ ಮಾಡಿ ಸೈನ್ ಆಫ್ ತಗೊಂಡು ಮಾರನೇ ದಿನ ಕ್ಲೈಂಟು ಹಳಬನಿಗೇ ಫೋನ್ ಮಾಡ್ತಾನೆ, ಅದು ಬೇರೆ ವಿಷಯ 😄 ಆದರೆ ಒಂದು ಪದ್ಧತಿ ಮಾತ್ರ ನಿಜಕ್ಕೂ ಕೆಲಸ ಮಾಡುತ್ತೆ. ಮೊದಲ ವಾರ ಹಳಬರು ಮಾತಾಡ್ತಾರೆ, ಹೊಸಬರು ಕೇಳ್ತಾರೆ. ಎರಡನೇ ವಾರ ಹೊಸಬರು ಮಾತಾಡ್ತಾರೆ, ಹಳಬರು ಪಕ್ಕದಲ್ಲಿ ಬಾಯಿ ಮುಚ್ಚಿ ಕೂರ್ತಾರೆ. ಈ ಎರಡನೇ ವಾರವನ್ನ ಎಲ್ಲರೂ ಬಿಟ್ಟುಬಿಡ್ತಾರೆ.

ಪೀಣ್ಯ ಪೆಟ್ಟಿಗೆ (9ನೇ ತಾರೀಕು)

ಹಳೇ ಬ್ಯಾಗು ಸಾರ್, ಕೈ ಮುಗಿದೆ. ಮೊನ್ನೆ ಮಧ್ಯಾಹ್ನ ಮಂಜುನ ಕೂರಿಸಿಕೊಂಡು ಚಲನ್ ಕಟ್ಟು ಬಿಚ್ಚಿದೆ. ಸೌಮ್ಯನೂ ಪುಸ್ತಕ ಹಿಡಿದು ಕೂತಳು. ಒಂದು ಗಂಟೆ ಅಂದುಕೊಂಡಿದ್ದು ಮೂರೂವರೆ ಗಂಟೆ ಆಯ್ತು.

ಮೊದಲನೇದು ಬಾಕಿ ದಿನ. ಪಿಒದಲ್ಲಿ 30 ದಿನ ಅಂತ ಇದೆ. ಮಂಜು ಬಾಯಲ್ಲಿ 45 ಮಾಡಿಕೊಟ್ಟಿದ್ದಾನೆ. ನಾನು ಅವರು ತಡ ಮಾಡ್ತಾರೆ ಅಂತ ಎರಡು ವರ್ಷದಿಂದ ಬೈಕೊಳ್ತಿದ್ದೆ. ಅವರ ಲೆಕ್ಕದಲ್ಲಿ ಅವರು ಒಂದು ದಿನವೂ ತಡ ಮಾಡಿಲ್ಲ.

ಎರಡನೇದು ಒಡೆದ, ಮುದುರಿದ ಪೆಟ್ಟಿಗೆ. ಅವರ ಸ್ಟೋರಲ್ಲಿ ಎಣಿಸಿ ಫೋನಲ್ಲಿ ಹೇಳ್ತಾರೆ, 60 ಅಂತಲೋ 80 ಅಂತಲೋ. ಮಂಜು ಮುಂದಿನ ಲೋಡಲ್ಲಿ ಅಷ್ಟು ಸುಮ್ನೆ ಸೇರಿಸಿ ಕಳಿಸ್ತಾನೆ. ಕಾಗದ ಇಲ್ಲ, ಪತ್ರ ಇಲ್ಲ.

ಮೂರನೇದು ಕೇಳಿ ನನಗೆ ಮಾತೇ ಹೊರಡಲಿಲ್ಲ. ಸ್ಪೆಕ್ ಶೀಟಲ್ಲಿ ಮೇಲಿನ ಪೇಪರ್ 150 ಜಿಎಸ್ಎಂ. ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ಅವರ ಗೋಡೌನಲ್ಲಿ ಪೆಟ್ಟಿಗೆ ತೇವ ಎಳೆದು, ಅಟ್ಟಿಯ ಕೆಳಗಿನ ಸಾಲು ಹೊಟ್ಟೆ ಬಿಟ್ಟು ಕುಸಿದಿತ್ತು. ಆವತ್ತಿಂದ ಜೂನಿಂದ ಸೆಪ್ಟೆಂಬರ್‌ವರೆಗೆ ಮಂಜು ಮೇಲಿನ ಪೇಪರನ್ನ 180 ಹಾಕಿಸ್ತಿದ್ದಾನೆ. ಸ್ಪೆಕ್ ಶೀಟ್ ಬದಲಾಗಿಲ್ಲ, ರೇಟೂ ಬದಲಾಗಿಲ್ಲ. ಮಷಿನ್ ಆಪರೇಟರ್ ಹತ್ರ ಹೋಗಿ "ತುಮಕೂರಿಗೆ ಮಳೆ ಪೆಟ್ಟಿಗೆ" ಅಂತಾನಂತೆ, ಅಷ್ಟೇ. ಸೌಮ್ಯ ನೋಡಿದ್ದರೆ ಸ್ಪೆಕ್ ಶೀಟ್ ಪ್ರಕಾರ 150ರಲ್ಲೇ ಹೊಡೆಸಿರೋಳು, ಅವಳ ತಪ್ಪೇನೂ ಇರ್ತಿರಲಿಲ್ಲ. ಜುಲೈಯಲ್ಲಿ ಅಲ್ಲಿ ಅಟ್ಟಿ ಬಿದ್ದಾಗ ಎಲ್ಲರೂ ಏನಂತಿದ್ರು? "ಮಂಜು ಹೋದ, ಕ್ವಾಲಿಟಿನೂ ಹೋಯ್ತು."

ಲೆಕ್ಕ ಹಾಕಿದೆ. ಒಂದು ಪೆಟ್ಟಿಗೆಗೆ ಸುಮಾರು 1.1 ಚದರ ಮೀಟರ್ ರಟ್ಟು. 30 ಗ್ರಾಂ ಜಾಸ್ತಿ ಅಂದ್ರೆ 33 ಗ್ರಾಂ ಪೇಪರು. ಕೇಜಿಗೆ 40 ರೂಪಾಯಿ ಹಿಡಿದರೆ 1 ರೂಪಾಯಿ 32 ಪೈಸೆ. 12,000 ಪೆಟ್ಟಿಗೆಗೆ ತಿಂಗಳಿಗೆ 15,840. ನಾಲ್ಕು ತಿಂಗಳಿಗೆ 63 ಸಾವಿರ ಚಿಲ್ಲರೆ, ಮೂರು ವರ್ಷದಿಂದ. ಪೇಪರ್ ಖರ್ಚು ಯಾಕೆ ಏರ್ತಿದೆ ಅಂತ ನಾನು ವೇಸ್ಟೇಜ್ ಮೇಲೆ ಕೂಗಾಡ್ತಿದ್ದೆ.

ಈಗ ನನ್ನ ಪ್ರಶ್ನೆ. ಹೊಸಬರು ಬರ್ತಿದ್ದಾರೆ ಅನ್ನೋ ನೆಪದಲ್ಲೇ 30 ದಿನಕ್ಕೆ ವಾಪಸ್ ತಂದು, ಮಳೆ ಪೆಟ್ಟಿಗೆಗೆ ರೇಟ್ ಸೇರಿಸಿಬಿಡಲಾ? ಒಂದೇ ಪತ್ರದಲ್ಲಿ ಮುಗಿದು ಹೋಗುತ್ತೆ.

ಹಳೇ ಬ್ಯಾಗು

ಬೇಡ! ಈ ಪತ್ರದಲ್ಲಿ ಖಂಡಿತ ಬೇಡ. ಮಂಜು ಇದ್ದಾಗ 45 ದಿನ, ದಪ್ಪ ಪೇಪರು. ಸೌಮ್ಯ ಬಂದಳು, 30 ದಿನ, ರೇಟು ಜಾಸ್ತಿ. ಆ ಹುಡುಗಿ ಅಲ್ಲಿ ಕಾಲಿಡೋ ಮೊದಲೇ ಕೆಟ್ಟವಳಾಗ್ತಾಳೆ. ಈಗ ಇರೋದನ್ನ ಇರೋ ಹಾಗೇ ಬರೆದುಕೊಡಿ. ಮೂರು ತಿಂಗಳು ಕಳೀಲಿ. ರೇಟ್ ಮಾತು ನೀವೇ ಹೋಗಿ ಆಡಿ.

ಖರೀದಿ ಕಿಟಕಿ

ನಾನು ಒಪ್ಪಲ್ಲ ಸಾರ್. "ಎಲ್ಲಾ ಹಾಗೇ ಇರುತ್ತೆ" ಅಂತ ಸಹಿ ಹಾಕಿ ಪತ್ರ ಕೊಟ್ಟು, ಮೂರು ತಿಂಗಳಿಗೆ ರೇಟ್ ಏರಿಸೋಕೆ ಬಂದ್ರೆ ನಾನು ಆ ಪತ್ರವನ್ನೇ ಟೇಬಲ್ ಮೇಲೆ ಇಡ್ತೀನಿ. ಬದಲಾಗೋದಿದ್ರೆ ಈಗಲೇ ಹೇಳೋದು ಮರ್ಯಾದೆ. ಪತ್ರದಲ್ಲಿ ಬೇಡ, ಮುಖತಃ ಭೇಟಿಯಲ್ಲಿ ಮಾಲೀಕರೇ ಹೇಳಲಿ. "ಮಳೆಗಾಲದಲ್ಲಿ ನಾವು ದಪ್ಪ ಪೇಪರ್ ಹಾಕ್ತಿದ್ದೀವಿ, ಇದುವರೆಗೆ ನಿಮಗೆ ಲೆಕ್ಕ ಹಾಕಿಲ್ಲ" ಅಂತ. ಅವರಿಗೆ ಗೊತ್ತೇ ಇಲ್ಲದೇ ಇರಬಹುದು.

ಹಳೇ ಬ್ಯಾಗು

ಮೇಡಂ, ನೀವು ಒಳ್ಳೆ ಪರ್ಚೇಸ್‌ನವರು ಅನ್ಸುತ್ತೆ. ನಾನು ಕಂಡವರೆಲ್ಲ ಹಾಗಿರಲಿಲ್ಲ. ಅಷ್ಟೇ ಹೇಳ್ತೀನಿ.

ಲೆಡ್ಜರ್ ಲೋಕ

45 ದಿನದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಎಂಎಸ್ಎಂಇ ಕಾನೂನಲ್ಲೇ 45 ದಿನ ಅಂತ ಇದೆ. ಬರೆಯೋದು ಏನೂ ಬೇಕಿಲ್ಲ.

ಇಪ್ಪತ್ತನೇ ತಾರೀಕು

ಅರ್ಧ ಸರಿ ಸಾರ್. 45 ಅನ್ನೋದು ಮೇಲಿನ ಮಿತಿ, ಅದೂ ಬರವಣಿಗೆಯಲ್ಲಿ ಒಪ್ಪಿದ್ದರೆ. ಏನೂ ಬರೆದಿಲ್ಲ ಅಂದ್ರೆ 15 ದಿನ. ಇವರದ್ದು 30 ಅಂತ ಪಿಒದಲ್ಲಿ ಬರೆದಿದೆ, ಹಾಗಾಗಿ 30. ಪೆಟ್ಟಿಗೆ ಸಾರ್ ಉದ್ಯಮ್‌ನಲ್ಲಿ ಸಣ್ಣ ಉದ್ದಿಮೆ ಅಂತ ನೋಂದಾಯಿಸಿದ್ದರೆ, 2024ರಿಂದ ಇದು ಕೊಳ್ಳೋರಿಗೇ ತಲೆನೋವು. ಗಡುವು ದಾಟಿದ ಬಿಲ್ಲು ಮಾರ್ಚ್ ಕೊನೆಗೆ ಬಾಕಿ ಉಳಿದಿದ್ದರೆ, ಆ ಖರ್ಚನ್ನ ಆ ವರ್ಷದ ಆದಾಯ ತೆರಿಗೆಯಲ್ಲಿ ಕಳೆಯೋಕೆ ಬಿಡಲ್ಲ. ಅಂದ್ರೆ ಮಂಜು ಕೊಟ್ಟ ಬಾಯಿ ಮಾತಿನ 45 ದಿನದಿಂದ ಆ ಮಸಾಲೆ ಕಂಪನಿಗೇ ತೊಂದರೆ. ಪಿಒದಲ್ಲಿ 45 ಅಂತ ತಿದ್ದಿಸಿ ಅಂತ ನೀವು ಹೇಳಿದ್ರೆ ಅವರ ಆಡಿಟರ್ ನಿಮಗೆ ಥ್ಯಾಂಕ್ಸ್ ಹೇಳ್ತಾರೆ.

ಪೀಣ್ಯ ಪೆಟ್ಟಿಗೆ

ಇದು ಗೊತ್ತಿರಲಿಲ್ಲ. ಸರಿ, 45ನ್ನ ಬರೆದೇಬಿಡ್ತೀನಿ.

ಹಳೇ ಬ್ಯಾಗು

ಒಂದು ಮಾತು ಮರೆತೆ. ಮಂಜು ಯಾರನ್ನೂ ಕೇಳದೆ 80 ಪೆಟ್ಟಿಗೆ ಸೇರಿಸಿ ಕಳಿಸ್ತಿದ್ದ. ಸೌಮ್ಯಗೆ ಆ ಅಧಿಕಾರ ಇದೆಯಾ? ಅವಳು ಫೋನಲ್ಲಿ "ಸಾರ್‌ನ ಕೇಳಿ ಹೇಳ್ತೀನಿ" ಅಂತ ಎರಡು ಸಲ ಅಂದ್ರೆ ಮುಗೀತು. ಮೂರನೇ ಸಲ ಅವರು ನೇರ ನಿಮಗೇ ಮಾಡ್ತಾರೆ. ಆಮೇಲೆ ಅವಳು ಹೆಸರಿಗೆ ಮಾತ್ರ. ಒಂದು ಮಿತಿ ಹಾಕಿ ಕೊಡಿ. ಒಂದು ಲೋಡಿಗೆ 100 ಪೆಟ್ಟಿಗೆವರೆಗೆ ಅವಳದ್ದೇ ತೀರ್ಮಾನ, ಫೋಟೋ ಕಳಿಸಿದರೆ ಸಾಕು ಅಂತ. ಅದನ್ನ ಪತ್ರದಲ್ಲೂ ಹಾಕಿ, ಅವರಿಗೆ ಗೊತ್ತಾಗಲಿ.

ಬಾಂಡ್ ಪೇಪರ್

ಅಲ್ಲಾ ಸಾರ್, ರಾತ್ರಿ ಹೊತ್ತು ಲಾರಿಯವರ ಜೊತೆ, ಸ್ಟೋರ್‌ನವರ ಜೊತೆ ಮಾತಾಡೋ ಕೆಲಸ. ಹುಡುಗೀನ ಹಾಕೋದು ಸರೀನಾ?

ಪೀಣ್ಯ ಪೆಟ್ಟಿಗೆ

ಮೂರು ವರ್ಷದಿಂದ ಆ ಲಾರಿಯವರನ್ನ ಲೈನಿಗೆ ತಂದಿರೋದೇ ಅವಳು. ಮಂಜುಗೆ ಹೆದರಲ್ಲ, ಅವಳಿಗೆ ಹೆದರ್ತಾರೆ.

ಪೀಣ್ಯ ಪೆಟ್ಟಿಗೆ (11ನೇ ತಾರೀಕು)

ನಿನ್ನೆ ಬೆಳಿಗ್ಗೆ ಅವರ ಪರ್ಚೇಸ್ ಸಾರ್‌ಗೆ ನಾನೇ ಫೋನ್ ಮಾಡಿ ಹೇಳಿದೆ. ಎರಡು ಸೆಕೆಂಡ್ ಸುಮ್ಮನಿದ್ದರು. "ಗೊತ್ತು, ನಿಮ್ಮ ಡ್ರೈವರ್ ಶನಿವಾರನೇ ಹೇಳಿದ" ಅಂದರು. ಹಳೇ ಬ್ಯಾಗು ಸಾರ್, ನೀವು ಜ್ಯೋತಿಷಿ. ಮಂಜುಗೆ ಏನಾಯ್ತು ಅಂತ ಕೇಳಿದರು. ಊರಿನ ಕಡೆ ಹೋಗ್ತಿದ್ದಾನೆ, ನಮಗೂ ಬೇಜಾರಿದೆ ಅಂದೆ. ಅಷ್ಟಕ್ಕೇ ಬಿಟ್ಟೆ.

ಗುರುವಾರ ಮೂವರೂ ಹೋಗ್ತಿದ್ದೀವಿ. ಪತ್ರ ಹೊಸದಾಗಿ ಬರೆದೆ. ನೋಡಿ:

"ನಮಸ್ಕಾರ ಸಾರ್. ಫೋನಿನಲ್ಲಿ ಹೇಳಿದಂತೆ, ಮಂಜು ಈ ತಿಂಗಳ 30ಕ್ಕೆ ನಮ್ಮಲ್ಲಿ ಕೆಲಸ ಬಿಡುತ್ತಿದ್ದಾರೆ. 1ನೇ ತಾರೀಕಿನಿಂದ ನಿಮ್ಮ ಆರ್ಡರ್, ಸಪ್ಲೈ ಮತ್ತು ದೂರುಗಳನ್ನು ಸೌಮ್ಯ ನೋಡಿಕೊಳ್ಳುತ್ತಾರೆ. ಮೂರು ವರ್ಷದಿಂದ ನಿಮ್ಮ ಪ್ರತಿ ಲೋಡನ್ನು ಎಣಿಸಿ ಲಾರಿಗೆ ಹತ್ತಿಸಿದವರು ಅವರೇ. ಗುರುವಾರ ಮಂಜು, ಸೌಮ್ಯ ಮತ್ತು ನಾನು ನಿಮ್ಮಲ್ಲಿಗೆ ಬರುತ್ತೇವೆ. 15ರಿಂದ 30ರವರೆಗೆ ಇಬ್ಬರೂ ಒಟ್ಟಿಗೆ ನಿಮ್ಮ ಕೆಲಸ ನೋಡುತ್ತಾರೆ.

ಮಂಜು ನಿಮಗೆ ಹೇಳಿದ್ದ ಮಾತುಗಳು ನಮಗೆ ಗೊತ್ತಿವೆ, ಅವು ಹಾಗೇ ಇರುತ್ತವೆ. ಹಣಕ್ಕೆ 45 ದಿನ. ಇದನ್ನು ಪಿಒದಲ್ಲೂ ಬರೆದುಕೊಟ್ಟರೆ ಇಬ್ಬರಿಗೂ ಒಳ್ಳೆಯದು. ಒಡೆದ ಪೆಟ್ಟಿಗೆಗೆ ಮುಂದಿನ ಲೋಡಿನಲ್ಲಿ ಬದಲಿ. ಲೋಡಿಗೆ 100ರವರೆಗೆ ಸೌಮ್ಯ ಅವರೇ ತೀರ್ಮಾನಿಸುತ್ತಾರೆ, ಫೋಟೋ ಕಳಿಸಿದರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇಲಿನ ಪೇಪರ್ 180 ಜಿಎಸ್ಎಂ. ಇದರ ಬಗ್ಗೆ ಭೇಟಿಯಲ್ಲಿ ನಾನೇ ಮಾತಾಡುತ್ತೇನೆ. ಇದರಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ದಯವಿಟ್ಟು ಹೇಳಿ.

ಬದಲಾಗುವುದು ಒಂದು ನಂಬರ್ ಮಾತ್ರ. ಸೌಮ್ಯ ಅವರದ್ದು ಕಂಪನಿ ನಂಬರ್, ಮುಂದೆ ಯಾರೇ ಬಂದರೂ ಅದೇ ಇರುತ್ತದೆ. ರಾತ್ರಿ 9ರ ನಂತರ ಅವರು ಸಿಗದಿದ್ದರೆ ನನಗೆ ಮಾಡಿ. ನಮ್ಮ ಬ್ಯಾಂಕ್ ಖಾತೆ ಬದಲಾಗಿಲ್ಲ. ಬದಲಾಗಿದೆ ಎಂದು ಯಾರಾದರೂ ತಿಳಿಸಿದರೆ, ನಿಮ್ಮ ಹತ್ತಿರ ಮೊದಲಿನಿಂದ ಇರುವ ನನ್ನ ನಂಬರಿಗೆ ಫೋನ್ ಮಾಡಿ ಕೇಳದೆ ಹಣ ಹಾಕಬೇಡಿ."

ಖರೀದಿ ಕಿಟಕಿ

ಇದನ್ನ ನಾನು ಫೈಲಲ್ಲಿ ಇಟ್ಟುಕೊಳ್ತೀನಿ. ಒಂದೇ ತಿದ್ದುಪಡಿ. "ಮಂಜು ಹೇಳಿದ್ದ ಮಾತುಗಳು ನಮಗೆ ಗೊತ್ತಿವೆ" ಅಂತ ಬರೆದಿದ್ದೀರಿ. ಎಲ್ಲಾ ಗೊತ್ತಿದೆಯಾ? "ನಮಗೆ ಗೊತ್ತಿರುವ ಮಟ್ಟಿಗೆ ಇವು" ಅಂತ ಹಾಕಿ. ಇಲ್ಲಾಂದ್ರೆ ನಾಳೆ ಅವರು ಹೇಳಿದ್ದಕ್ಕೆಲ್ಲ ನೀವು ಹೂಂ ಅನ್ನಬೇಕಾಗುತ್ತೆ.

ಸಾಫ್ಟ್‌ವೇರ್ ಸೀನ

40 ಪುಟಕ್ಕಿಂತ ಇದೇ ವಾಸಿ.

ಇಪ್ಪತ್ತನೇ ತಾರೀಕು

ವಾಟ್ಸಾಪ್ ಗ್ರೂಪಲ್ಲಿ ನಿಮ್ಮನ್ನ ಅಡ್ಮಿನ್ ಮಾಡಿಸಿಕೊಂಡ್ರಾ? ಅವನು ಹೊರಗೆ ಹೋಗೋ ಮೊದಲು ಆ ಗ್ರೂಪಿನ ಚಾಟನ್ನ ಎಕ್ಸ್‌ಪೋರ್ಟ್ ಮಾಡಿಸಿ ಮೇಲಿಗೆ ಹಾಕಿಸಿಕೊಳ್ಳಿ. ಯಾವ ಲೋಡಿಗೆ ಎಷ್ಟು ಒಡೆದಿದೆ ಅನ್ನೋ ಲೆಕ್ಕ ಅಲ್ಲೇ ಇರೋದು.

ಪೀಣ್ಯ ಪೆಟ್ಟಿಗೆ (ಮುಂದಿನ ತಿಂಗಳ 5ನೇ ತಾರೀಕು)

ಏನಾಯ್ತು ಅಂತ ಕೆಲವರು ಕೇಳಿದ್ರಿ, ಹೇಳ್ತೀನಿ.

ಗುರುವಾರ ಹೋದ್ವಿ. ಮಳೆ ಪೇಪರಿನ ವಿಷಯ ನಾನೇ ತೆಗೆದೆ. ಅವರಿಗೆ ನಿಜವಾಗಿ ಗೊತ್ತಿರಲಿಲ್ಲ. "ಹೌದಾ, ಅದಕ್ಕೇನಾ ಬೀಳ್ತಿಲ್ಲ" ಅಂದರು. ಪೆಟ್ಟಿಗೆಗೆ 1 ರೂಪಾಯಿ ಕೇಳಿದೆ. ನೋಡೋಣ ಅಂದಿದ್ದಾರೆ, ಇಲ್ಲ ಅಂದಿಲ್ಲ. ಹಳೇ ಬ್ಯಾಗು ಸಾರ್ ಬೈತಾರೆ ಅಂತ ಗೊತ್ತು.

ಆಮೇಲೆ ಅವರು ಸೌಮ್ಯ ಕಡೆ ತಿರುಗಿ ಒಂದು ಪ್ರಶ್ನೆ ಕೇಳಿದರು. "ನಮ್ಮ ಮೂರು ಕಲರ್ ಪೆಟ್ಟಿಗೆಯ ಸ್ಟೀರಿಯೋ ಎಲ್ಲಿದೆ, ಯಾರದ್ದು?" ಪ್ರಿಂಟ್ ಹೊಡೆಯೋ ರಬ್ಬರ್ ಅಚ್ಚು ಅದು. ಸೌಮ್ಯ ನನ್ನ ಮುಖ ನೋಡಿದಳು. ನಾನು ಮಂಜು ಮುಖ ನೋಡಿದೆ. ನಮ್ಮ ಪುಸ್ತಕದಲ್ಲಿ ಅದು ನಮ್ಮ ಖರ್ಚು, ನಮ್ಮ ಆಸ್ತಿ. ಮಂಜು ಯಾವತ್ತೋ ಒಂದು ರೇಟ್ ಚೌಕಾಸಿಯಲ್ಲಿ, ಅಚ್ಚಿನ ದುಡ್ಡು ಪೆಟ್ಟಿಗೆ ರೇಟಲ್ಲೇ ಸೇರಿದೆ, ವರ್ಷ ಕಳೆದ ಮೇಲೆ ಅದು ನಿಮ್ಮದೇ ಅಂದಿದ್ದನಂತೆ. ಚಲನ್ ಕಟ್ಟಲ್ಲಿ ಇದು ಸಿಗಲ್ಲ, ಯಾಕಂದ್ರೆ ಅಚ್ಚು ಲಾರಿ ಹತ್ತಲ್ಲ. ಇನ್ನೂ ತೀರ್ಮಾನ ಆಗಿಲ್ಲ. ಬಿಟ್ಟುಕೊಟ್ಟರೆ ನಾಳೆ ಅದನ್ನೇ ತಗೊಂಡು ಬೇರೆ ಫ್ಯಾಕ್ಟರಿಗೆ ಹೋಗಬಹುದು. ಇಲ್ಲ ಅಂದ್ರೆ ಮಂಜು ಮಾತಿಗೆ ಬೆಲೆ ಇಲ್ಲ ಅಂದ ಹಾಗಾಗುತ್ತೆ. ಇದಕ್ಕೆ ಯಾರಾದ್ರೂ ದಾರಿ ಹೇಳಿ.

ಹಳೇ ಬ್ಯಾಗು

ಬೈಯಲ್ಲ, ಒಂದು ರೂಪಾಯಿ ಬಂದ್ರೆ ಸಿಹಿ ಕೊಡಿಸಿ. ಅಚ್ಚಿನ ವಿಷಯದಲ್ಲಿ ನಾನೂ ಎರಡು ಸಲ ಸೋತಿದ್ದೇನೆ. ಅವರದ್ದೇ ಅಂತ ಒಪ್ಪಿ, ನಿಮ್ಮ ಹತ್ರ ಇರೋವರೆಗೆ ಜೋಪಾನ ನಿಮ್ಮದು ಅಂತ ಬರೆದುಕೊಡೋದು ಒಂದು ದಾರಿ. ಸವೆದು ಹೋದಾಗ ಹೊಸದರ ದುಡ್ಡು ಯಾರು ಕೊಡಬೇಕು ಅನ್ನೋದನ್ನೂ ಅಲ್ಲೇ ಬರೀರಿ. ಹಳೇ ಅಚ್ಚಿಗಿಂತ ಜಗಳ ಆಗೋದು ಅದರ ಮೇಲೆ.

ಖರೀದಿ ಕಿಟಕಿ

ಪಿಒ ಮೇಲ್ ಐಡಿ ಬದಲಾಯ್ತಾ?

ಪೀಣ್ಯ ಪೆಟ್ಟಿಗೆ

ಮೇಡಂ, ನೀವು ಹೇಳಿದ ಹಾಗೇ ಆಯ್ತು. 2ನೇ ತಾರೀಕಿನ ಪಿಒ ಮಂಜು ಐಡಿಗೇ ಬಂತು. ತಿರುಗಿಸಿ ಇಟ್ಟಿದ್ದರಿಂದ ಸೌಮ್ಯಗೆ ಸಿಕ್ಕಿತು. ಇವತ್ತು ಮತ್ತೆ ಫೋನ್ ಮಾಡಿದ್ದೇನೆ, ಬದಲಿಸ್ತೀವಿ ಅಂದಿದ್ದಾರೆ.

ಮೊನ್ನೆ ರಾತ್ರಿ 8:40ಕ್ಕೆ ಅವರ ಸ್ಟೋರ್‌ನವರು ಮಂಜುಗೇ ಫೋನ್ ಮಾಡಿ 2,000 ಪೆಟ್ಟಿಗೆ ಬೆಳಿಗ್ಗೆ ಬೇಕು ಅಂದಿದ್ದಾರೆ. ಅವನು ಊರಲ್ಲಿದ್ದವನು ಸೌಮ್ಯಗೆ ತಿಳಿಸಿದ. ಅವಳು ಸ್ಟೋರ್‌ಗೆ ವಾಪಸ್ ಮಾಡಿ, ನಂಬರ್ ಸೇವ್ ಮಾಡ್ಕೊಳ್ಳಿ ಅಂದಳಂತೆ. ಅವರ ಫೋನಲ್ಲಿ ಮಂಜು ಹೆಸರು "ಮಂಜು ಪೆಟ್ಟಿಗೆ" ಅಂತ ಇದೆ. ಇವಳನ್ನ "ಸೌಮ್ಯ ಮಂಜು ಪೆಟ್ಟಿಗೆ" ಅಂತ ಸೇವ್ ಮಾಡಿಕೊಂಡು ಸ್ಕ್ರೀನ್‌ಶಾಟ್ ಕಳಿಸಿದ್ದಾರೆ.